ನ್ಯಾಯಾಂಗ ನಿಂದನೆ, ವಕೀಲರ ದುರ್ನಡತೆ: ಶನಿವಾರದ ಪ್ರಶ್ನೆಗಳು

ಬೆಂಗಳೂರಿನ ಸಂಜೆ ತರಗತಿಯ ಅಂತಿಮ ವರ್ಷದವರಿಗೆ.

ಹೋದ ವಾರದ ಟೆಸ್ಟ್‌ನಲ್ಲಿ ತುಂಬಾ ಜನ ಒಂದೇ ಕಡೆ ಎಡವಿದ್ದೀರಿ. ಕೋರ್ಟು ಏನು ಮಾಡಬಹುದು, ವಕೀಲರ ಪರಿಷತ್ತು ಏನು ಮಾಡಬಹುದು ಅನ್ನೋದು ಕಲಸಿಹೋಗಿದೆ. ಅದಕ್ಕೇ ಈ ಆರು ಪ್ರಶ್ನೆಗಳು. ಮೊದಲು ಉತ್ತರಕ್ಕೆ ಗುರುತು ಹಾಕಿ, ಆಮೇಲೆ ವಿವರಣೆ ಓದಿ.

1. ಚಿಕ್ಕಪೇಟೆಯ ಬಾಡಿಗೆದಾರರೊಬ್ಬರು ಆರು ತಿಂಗಳಲ್ಲಿ ಅಂಗಡಿ ಖಾಲಿ ಮಾಡುವುದಾಗಿ ಸಿಟಿ ಸಿವಿಲ್ ಕೋರ್ಟಿಗೆ ಮುಚ್ಚಳಿಕೆ ಬರೆದುಕೊಟ್ಟರು. ಅವಧಿ ಮುಗಿದರೂ ಬೇಕೆಂದೇ ಬಿಟ್ಟುಕೊಡಲಿಲ್ಲ. ಇದು ಯಾವ ನಿಂದನೆ? ಶಿಕ್ಷೆ ಕೊಡುವವರು ಯಾರು?
ಅ) ಕ್ರಿಮಿನಲ್ ನಿಂದನೆ, ಸಿಟಿ ಸಿವಿಲ್ ಕೋರ್ಟ್
ಆ) ಸಿವಿಲ್ ನಿಂದನೆ, ಸಿಟಿ ಸಿವಿಲ್ ಕೋರ್ಟ್
ಇ) ಸಿವಿಲ್ ನಿಂದನೆ, ಹೈಕೋರ್ಟ್
ಈ) ನಿಂದನೆಯೇ ಅಲ್ಲ

ಉತ್ತರ: ಇ. 1971ರ ನ್ಯಾಯಾಲಯ ನಿಂದನೆ ಕಾಯ್ದೆಯ ಕಲಂ 2(ಬಿ) ಪ್ರಕಾರ ಆದೇಶ ಮೀರುವುದಷ್ಟೇ ಅಲ್ಲ, ಕೋರ್ಟಿಗೆ ಕೊಟ್ಟ ಮಾತು ತಪ್ಪುವುದೂ ಸಿವಿಲ್ ನಿಂದನೆ. ‘ಬೇಕೆಂದೇ’ ಅನ್ನುವ ಪದ ನೋಡಿದ್ರಾ? ಅದಿಲ್ಲದಿದ್ದರೆ ಉತ್ತರವೇ ಬೇರೆ. ಕೆಳಗಿನ ಕೋರ್ಟುಗಳ ನಿಂದನೆಗೆ ಶಿಕ್ಷಿಸುವ ಅಧಿಕಾರವನ್ನು ಕಲಂ 10 ಹೈಕೋರ್ಟಿಗೆ ಕೊಟ್ಟಿದೆ.

2. ಕೇಸು ಸೋತವರೊಬ್ಬರು ‘ಹೈಕೋರ್ಟ್ ನ್ಯಾಯಾಧೀಶರು ದುಡ್ಡು ತಿಂದು ತೀರ್ಪು ಕೊಟ್ಟರು’ ಎಂದು ವಿಡಿಯೊ ಹಾಕಿದರು. ಖಾಸಗಿ ವ್ಯಕ್ತಿಯೊಬ್ಬರು ಇದರ ಮೇಲೆ ಕ್ರಿಮಿನಲ್ ನಿಂದನೆ ಅರ್ಜಿ ಹಾಕಲು ಯಾರ ಲಿಖಿತ ಒಪ್ಪಿಗೆ ಬೇಕು?
ಅ) ಅಡ್ವೊಕೇಟ್ ಜನರಲ್
ಆ) ರಾಜ್ಯಪಾಲರು
ಇ) ರಾಜ್ಯ ವಕೀಲರ ಪರಿಷತ್ತು
ಈ) ಪೊಲೀಸ್ ಆಯುಕ್ತರು

ಉತ್ತರ: ಅ. ಕಲಂ 15. ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡರೆ ಯಾರ ಒಪ್ಪಿಗೆಯೂ ಬೇಡ. ‘ನಾನು ಹೇಳಿದ್ದು ನಿಜ’ ಅನ್ನುವ ವಾದಕ್ಕೆ 2006ರ ತಿದ್ದುಪಡಿ ಜಾಗ ಕೊಟ್ಟಿದೆ. ಆದರೆ ಅದರಲ್ಲಿ ಸಾರ್ವಜನಿಕ ಹಿತ ಇರಬೇಕು, ಉದ್ದೇಶವೂ ಪ್ರಾಮಾಣಿಕವಾಗಿರಬೇಕು.

3. ಕಲಂ 12ರಡಿ ನಿಂದನೆಗೆ ಗರಿಷ್ಠ ಶಿಕ್ಷೆ?
ಅ) ಒಂದು ವರ್ಷ ಕಠಿಣ ಸಜೆ
ಆ) ಆರು ತಿಂಗಳ ಸಾದಾ ಸಜೆ, 2,000 ರೂಪಾಯಿ ದಂಡ, ಅಥವಾ ಎರಡೂ
ಇ) ಮೂರು ತಿಂಗಳ ಸಾದಾ ಸಜೆ ಮಾತ್ರ
ಈ) ದಂಡ ಮಾತ್ರ

ಉತ್ತರ: ಆ.

4. ಅಪಘಾತದಲ್ಲಿ ಕಾಲು ಕಳೆದುಕೊಂಡ ಆಟೋ ಚಾಲಕರಿಗೆ ವಕೀಲರು ‘ಈಗ ಫೀಸು ಬೇಡ, ಪರಿಹಾರ ಬಂದಾಗ ಅದರಲ್ಲಿ ನೂರಕ್ಕೆ ಇಪ್ಪತ್ತು ಕೊಡಿ’ ಎಂದರು. ಆಮೇಲೆ ಜಗಳವಾಗಿ, ಬಾಕಿ ಹಣ ಕೊಡುವವರೆಗೂ ಕಡತ ಕೊಡಲ್ಲ ಎಂದು ಹಿಡಿದಿಟ್ಟುಕೊಂಡರು. ಯಾವುದು ಸರಿ?
ಅ) ಎರಡೂ ಸರಿಯಾದ ನಡೆ
ಆ) ಪಾಲು ಕೇಳಿದ್ದು ಮಾತ್ರ ತಪ್ಪು
ಇ) ಕಡತ ಹಿಡಿದಿದ್ದು ಮಾತ್ರ ತಪ್ಪು
ಈ) ಎರಡೂ ತಪ್ಪು

ಉತ್ತರ: ಈ. ಫಲಿತಾಂಶಕ್ಕೆ ಫೀಸು ಕಟ್ಟಿಹಾಕುವುದನ್ನು, ಬಂದ ಹಣದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ 20 ತಡೆಯುತ್ತದೆ. ‘ಬಡವರಿಗೆ ಅನುಕೂಲ ಅಲ್ವಾ ಸರ್?’ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತೀರಿ. ಕೇಸಿನಲ್ಲಿ ತನ್ನದೇ ಪಾಲಿದ್ದರೆ ವಕೀಲರೂ ಒಬ್ಬ ಕಕ್ಷಿದಾರರಂತೆ ಆಗಿಬಿಡುತ್ತಾರೆ. ಬೇಗ ರಾಜಿ ಮಾಡಿಸಿ ಹಣ ಕೈಗೆ ಬರಲಿ ಎಂಬ ಆಸೆ ಹುಟ್ಟುತ್ತದೆ. ನಿಜವಾಗಿ ದುಡ್ಡಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರವಿದೆ.

ಇನ್ನು ಕಡತದ ವಿಷಯ. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಫೀಸು ಬಾಕಿ ಇದೆಯೆಂದು ಕಕ್ಷಿದಾರರ ಕಾಗದಪತ್ರ ಅಡವಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಬಾಕಿ ವಸೂಲಿಗೆ ದಾವೆ ಹಾಕಲಿ. ಕಡತ ಕೈಯಲ್ಲಿಲ್ಲದೆ ಆ ಚಾಲಕ ಹೊಸ ವಕೀಲರ ಹತ್ತಿರ ಹೋಗಿ ಏನು ತೋರಿಸಬೇಕು ಹೇಳಿ.

5. ಆ ಚಾಲಕರ ದೂರಿನ ಮೇಲೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಶಿಸ್ತು ಸಮಿತಿ ವಕೀಲರನ್ನು ಅಮಾನತು ಮಾಡಿತು. ವಕೀಲರು ಮೊದಲ ಮೇಲ್ಮನವಿ ಎಲ್ಲಿ ಹಾಕಬೇಕು?
ಅ) ಕರ್ನಾಟಕ ಹೈಕೋರ್ಟ್, 30 ದಿನದಲ್ಲಿ
ಆ) ಭಾರತೀಯ ವಕೀಲರ ಪರಿಷತ್ತು, 60 ದಿನದಲ್ಲಿ
ಇ) ಸುಪ್ರೀಂ ಕೋರ್ಟ್, 60 ದಿನದಲ್ಲಿ
ಈ) ಜಿಲ್ಲಾ ನ್ಯಾಯಾಲಯ, 90 ದಿನದಲ್ಲಿ

ಉತ್ತರ: ಆ. 1961ರ ವಕೀಲರ ಕಾಯ್ದೆಯ ಕಲಂ 37. ಅಲ್ಲಿಂದ ಮುಂದೆ ಕಲಂ 38ರಡಿ ಸುಪ್ರೀಂ ಕೋರ್ಟಿಗೆ, ಅದಕ್ಕೂ 60 ದಿನ. ಹೈಕೋರ್ಟ್ ಈ ಮೆಟ್ಟಿಲುಗಳಲ್ಲಿ ಬರುವುದೇ ಇಲ್ಲ. ಹೋದ ಸಲ ಜಾಸ್ತಿ ಜನ ‘ಅ’ ಬರೆದಿದ್ದಿರಿ.

6. ವಕೀಲರೊಬ್ಬರು ತೆರೆದ ಕೋರ್ಟಿನಲ್ಲೇ ನ್ಯಾಯಮೂರ್ತಿಗಳನ್ನು ಬೈದು ಬೆದರಿಸಿದರು. ನಿಂದನೆಗೆ ಶಿಕ್ಷೆಯಾಗಿ ಸುಪ್ರೀಂ ಕೋರ್ಟ್ ಅವರ ಸನ್ನದನ್ನು ಅಮಾನತು ಮಾಡಬಹುದೇ?
ಅ) ಸಂವಿಧಾನದ 142ನೇ ವಿಧಿಯಡಿ ಮಾಡಬಹುದು
ಆ) 129ನೇ ವಿಧಿಯಡಿ ಮಾಡಬಹುದು
ಇ) ಅಡ್ವೊಕೇಟ್ ಜನರಲ್ ಒಪ್ಪಿದರೆ ಮಾಡಬಹುದು
ಈ) ಆಗದು, ಅದು ವಕೀಲರ ಪರಿಷತ್ತಿನ ಕೆಲಸ

ಉತ್ತರ: ಈ. ವಿನಯ್ ಚಂದ್ರ ಮಿಶ್ರಾ ಪ್ರಕರಣದಲ್ಲಿ (1995) ಸುಪ್ರೀಂ ಕೋರ್ಟ್ ಹೀಗೇ ಅಮಾನತು ಮಾಡಿತ್ತು. 1998ರಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸಂಘದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದು ಸರಿಯಲ್ಲ ಎಂದಿತು. ನಿಂದನೆಗೆ ಶಿಕ್ಷೆ ಕೊಡುವುದು ಕೋರ್ಟಿನ ಅಧಿಕಾರ. ಅದೇ ನಡತೆಗಾಗಿ ಸನ್ನದು ಕಿತ್ತುಕೊಳ್ಳಬೇಕೆಂದರೆ ಕಲಂ 35ರಡಿ ವಿಚಾರಣೆ ನಡೆಯಬೇಕು, ವಕೀಲರ ಮಾತನ್ನೂ ಕೇಳಬೇಕು. ಹಾಗೆಂದು ಕೋರ್ಟು ಕೈಕಟ್ಟಿ ಕೂರಬೇಕಿಲ್ಲ. ನಿಂದನೆ ಮಾಡಿದ ವಕೀಲರು ತನ್ನ ಮುಂದೆ ವಾದಿಸದಂತೆ ಅದು ತಡೆಯಬಹುದು ಎಂದು ಹರೀಶ್ ಉಪ್ಪಲ್ ತೀರ್ಪು (2003) ಹೇಳುತ್ತದೆ. ಸನ್ನದು ಉಳಿದಿರುತ್ತದೆ, ಆ ಕೋರ್ಟಿನ ಬಾಗಿಲು ಮುಚ್ಚಿರುತ್ತದೆ.