ಎಂ.ಟೆಕ್. ಮ್ಯಾನುಫ್ಯಾಕ್ಚರಿಂಗ್ ಎಂಜಿನಿಯರಿಂಗ್ ಪ್ರವೇಶಕ್ಕಾಗಿ ಉದ್ದೇಶ ಪತ್ರ

ಮಾನ್ಯ ಪ್ರವೇಶ ಸಮಿತಿಯವರಿಗೆ,

ತೆಳುಗೋಡೆಯ ಬಿಡಿಭಾಗಗಳನ್ನು ಚಕ್‌ನಲ್ಲಿ ಹಿಡಿದು ಯಂತ್ರದಲ್ಲಿ ಕತ್ತರಿಸುವಾಗ ಅವುಗಳ ಆಕಾರ ಹೇಗೆ ಕೆಡುತ್ತದೆ, ಆ ಕೆಡುಕನ್ನು ಮೊದಲೇ ಲೆಕ್ಕ ಹಾಕಿ ತಡೆಯುವುದು ಹೇಗೆ ಎಂಬುದನ್ನು ಕ್ರಮವಾಗಿ ಅಧ್ಯಯನ ಮಾಡಬೇಕೆಂಬುದು ತಮ್ಮ ವಿಭಾಗದ ಎಂ.ಟೆಕ್. ಕೋರ್ಸಿಗೆ ನಾನು ಅರ್ಜಿ ಸಲ್ಲಿಸಲು ಮುಖ್ಯ ಕಾರಣ. ಈ ಪ್ರಶ್ನೆ ನನಗೆ ಮೊದಲು ಎದುರಾದದ್ದು ಡಿಪ್ಲೊಮಾ ಮುಗಿಸಿ ಸಿ.ಎನ್.ಸಿ. ಲೇತ್ ಮುಂದೆ ನಿಂತು ಕೆಲಸ ಮಾಡುತ್ತಿದ್ದಾಗ. ಬಿ.ಇ. ಓದಿದ ನಂತರ ಅದರ ಅರ್ಧದಷ್ಟು ಉತ್ತರ ಸಿಕ್ಕಿದೆ. ಉಳಿದರ್ಧಕ್ಕೆ ಬೇಕಾದ ಗಣಿತವೂ ಪ್ರಯೋಗಾಲಯವೂ ಈಗಿರುವ ಕೆಲಸದಲ್ಲಿ ನನಗೆ ದೊರೆಯುವುದಿಲ್ಲ.

ನಾನು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನವನು. ನಮ್ಮದು ಕಬ್ಬು ಬೆಳೆಯುವ ಮನೆತನ. ಎಸ್.ಎಸ್.ಎಲ್.ಸಿ. ನಂತರ ಬೇಗನೆ ದುಡಿಮೆಗೆ ಸೇರುವ ಅಗತ್ಯವಿದ್ದುದರಿಂದ ಮೈಸೂರಿನ ಸಿ.ಪಿ.ಸಿ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಸೇರಿ 2016ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದೆ. ವರ್ಕ್‌ಶಾಪ್, ಮಷಿನ್ ಡ್ರಾಯಿಂಗ್ ಮತ್ತು ಮಾಪನ ವಿಷಯಗಳಲ್ಲಿ ಅಲ್ಲಿ ಸಿಕ್ಕ ತರಬೇತಿಗೆ ನಾನು ಇಂದಿಗೂ ಋಣಿ. ಡ್ರಾಯಿಂಗ್ ನೋಡಿದ ಕೂಡಲೇ ಕೆಲಸದ ತುಂಡನ್ನು ಎಲ್ಲಿ ಹಿಡಿಯಬೇಕು, ಯಾವ ಮುಖವನ್ನು ಮೊದಲು ಮುಗಿಸಬೇಕು ಎಂದು ಯೋಚಿಸುವ ಅಭ್ಯಾಸ ನನಗೆ ಬಂದದ್ದು ಅಲ್ಲಿಂದಲೇ.

ಅದೇ ವರ್ಷ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ, ವಾಹನೋದ್ಯಮಕ್ಕೆ ಬಿಡಿಭಾಗಗಳನ್ನು ಪೂರೈಸುವ ಒಂದು ಕಾರ್ಖಾನೆಯಲ್ಲಿ ಸೆಟ್ಟರ್ ಆಗಿ ಸೇರಿದೆ. ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ಬೇರಿಂಗ್ ಕೂರಿಸುವ ಉಕ್ಕಿನ ಉಂಗುರವೂ ಒಂದು: ಹೊರವ್ಯಾಸ 90 ಮಿ.ಮೀ., ಗೋಡೆಯ ದಪ್ಪ 4 ಮಿ.ಮೀ. ಒಳಗಿನ ಬೋರ್ ಅನ್ನು ಡಯಲ್ ಬೋರ್ ಗೇಜ್‌ನಿಂದ ಯಾವ ಕೋನದಲ್ಲಿ ಅಳೆದರೂ ಅಳತೆ ಮಿತಿಯೊಳಗೇ ಇರುತ್ತಿತ್ತು. ಆದರೂ ಜೋಡಣೆಯಲ್ಲಿ ಬೇರಿಂಗ್ ಬಿಗಿಯಾಗುತ್ತದೆಂದು ಗ್ರಾಹಕರಿಂದ ಮಾಲು ವಾಪಸಾಗುತ್ತಿತ್ತು. ಕೊನೆಗೆ ತುಂಡುಗಳನ್ನು ರೌಂಡ್‌ನೆಸ್ ಯಂತ್ರದಲ್ಲಿ ಇಟ್ಟು ನೋಡಿದಾಗ, ನಾವು ದುಂಡಗಿದೆ ಎಂದುಕೊಂಡಿದ್ದ ಬೋರ್‌ನಲ್ಲಿ ಮೂರು ಕಡೆ ಉಬ್ಬು, ಮೂರು ಕಡೆ ತಗ್ಗು ಇರುವುದು ನಕ್ಷೆಯಲ್ಲಿ ಸ್ಪಷ್ಟವಾಗಿ ಕಂಡಿತು. ಮೂರು ಜಾಗಳ ಚಕ್ ಬಿಗಿದಾಗ ಉಂಗುರ ಒಳಕ್ಕೆ ಒತ್ತಿಕೊಳ್ಳುತ್ತದೆ, ಆ ಸ್ಥಿತಿಯಲ್ಲಿ ಟೂಲ್ ಅದನ್ನು ದುಂಡಗೆ ಕೊರೆಯುತ್ತದೆ, ಚಕ್ ಸಡಿಲಿಸಿದೊಡನೆ ಲೋಹ ಹಿಂದಕ್ಕೆ ಚಿಮ್ಮಿ ಬೋರ್‌ನ ದುಂಡು ಹೋಗುತ್ತದೆ. ಒಂದು ಉಬ್ಬಿನ ನೇರ ಎದುರಿಗೆ ಒಂದು ತಗ್ಗು ಬರುವುದರಿಂದ ಎರಡು ಬಿಂದುಗಳಲ್ಲಿ ಅಳೆಯುವ ಗೇಜ್‌ಗೆ ಎಲ್ಲ ಕಡೆಯೂ ಒಂದೇ ವ್ಯಾಸ ಕಾಣಿಸುತ್ತದೆ, ದೋಷ ಕಾಣಿಸುವುದೇ ಇಲ್ಲ.

ಆಗ ನಾವು ಸಾಫ್ಟ್ ಜಾಗಳನ್ನು ಉಂಗುರದ ಅಳತೆಗೇ ಬೋರ್ ಮಾಡಿ, ಹೈಡ್ರಾಲಿಕ್ ಒತ್ತಡ ತಗ್ಗಿಸಿ ಕೆಲಸ ನಡೆಸಿದೆವು. ಒತ್ತಡವನ್ನು ತೀರಾ ಇಳಿಸಿದರೆ ತುಂಡು ಜಾರುವ ಅಪಾಯವಿದೆ. ಸ್ಪಿಂಡಲ್ ವೇಗ ಹೆಚ್ಚಿದಂತೆಲ್ಲ ಕೇಂದ್ರಾಪಗಾಮಿ ಬಲದಿಂದ ಜಾಗಳ ಹಿಡಿತವೂ ಕಡಿಮೆಯಾಗುತ್ತದೆ. ಈ ಎರಡರ ನಡುವೆ ಸರಿಯಾದ ಒತ್ತಡ ಯಾವುದೆಂದು ಹಿರಿಯ ಸೆಟ್ಟರ್‌ಗಳು ಅನುಭವದಿಂದ ಹೇಳುತ್ತಿದ್ದರು, ಬಹುತೇಕ ಸರಿಯಾಗಿಯೇ ಹೇಳುತ್ತಿದ್ದರು. ಅವರ ತಿಳಿವಳಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಗೋಡೆಯ ದಪ್ಪವೋ ಉಕ್ಕಿನ ದರ್ಜೆಯೋ ಬದಲಾದಾಗಲೆಲ್ಲ ಮತ್ತೆ ಮೊದಲಿನಿಂದ ಪರೀಕ್ಷಿಸುತ್ತ ಹೋಗಬೇಕಿತ್ತು. ಇದನ್ನು ಲೆಕ್ಕದಿಂದಲೇ ತಿಳಿಯಬಹುದಲ್ಲವೇ ಎಂಬ ಪ್ರಶ್ನೆ ನನ್ನನ್ನು ಮತ್ತೆ ಓದಿಗೆ ಕರೆತಂದಿತು.

2019ರಲ್ಲಿ ಡಿಸಿಇಟಿ ಬರೆದು ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೂರನೇ ಸೆಮಿಸ್ಟರ್‌ಗೆ ನೇರವಾಗಿ ಸೇರಿದೆ. ಲ್ಯಾಟರಲ್ ಎಂಟ್ರಿಯಲ್ಲಿ ಬರುವವರಿಗೆ ಮೊದಲ ವರ್ಷದ ಗಣಿತ ಇರುವುದಿಲ್ಲವಾದ್ದರಿಂದ ಕಲನಶಾಸ್ತ್ರ ಮತ್ತು ಅವಕಲ ಸಮೀಕರಣಗಳನ್ನು ಉಳಿದ ವಿಷಯಗಳ ಜೊತೆಜೊತೆಗೇ ಕಲಿಯಬೇಕಾಯಿತು. ಮೊದಲ ಎರಡು ಸೆಮಿಸ್ಟರ್‌ಗಳ ಅಂಕಗಳು ನಂತರದವುಗಳಿಗಿಂತ ಕಡಿಮೆಯಿರುವುದಕ್ಕೆ ಇದೇ ಕಾರಣ. ಐದನೆಯ ಸೆಮಿಸ್ಟರ್‌ನಿಂದ ಅಂಕಗಳು ಸತತವಾಗಿ ಏರಿರುವುದನ್ನೂ, ಫೈನೈಟ್ ಎಲಿಮೆಂಟ್ ವಿಧಾನ ಹಾಗೂ ಸಂಖ್ಯಾಶಾಸ್ತ್ರೀಯ ಗುಣಮಟ್ಟ ನಿಯಂತ್ರಣದಲ್ಲಿ ಉನ್ನತ ಶ್ರೇಣಿ ಬಂದಿರುವುದನ್ನೂ ಅಂಕಪಟ್ಟಿಯಲ್ಲಿ ತಾವು ಕಾಣಬಹುದು. 2022ರಲ್ಲಿ 8.2 ಸಿಜಿಪಿಎಯೊಂದಿಗೆ ಪದವಿ ಪಡೆದೆ.

ಅಂತಿಮ ವರ್ಷದ ಪ್ರಾಜೆಕ್ಟಿಗೆ ಆ ಉಂಗುರವನ್ನೇ ವಿಷಯವಾಗಿ ತೆಗೆದುಕೊಂಡೆ. ಗಟ್ಟಿ ಜಾ, ಅಳತೆಗೆ ಬೋರ್ ಮಾಡಿದ ಸಾಫ್ಟ್ ಜಾ ಮತ್ತು ಉಂಗುರದ ಸುತ್ತಳತೆಯ ಬಹುಭಾಗವನ್ನು ಆವರಿಸುವ ಅಗಲ ಜಾ, ಈ ಮೂರರಲ್ಲಿ ಹಿಡಿದಾಗ ಆಗುವ ವಿರೂಪವನ್ನು ಫೈನೈಟ್ ಎಲಿಮೆಂಟ್ ಮಾದರಿಯಲ್ಲಿ ಅಂದಾಜು ಮಾಡಿ, ಯಂತ್ರದಲ್ಲಿ ಕತ್ತರಿಸಿದ ತುಂಡುಗಳ ರೌಂಡ್‌ನೆಸ್ ಅಳತೆಯೊಂದಿಗೆ ಹೋಲಿಸಿದೆ. ಸಂಪರ್ಕದ ಅಗಲ ಹೆಚ್ಚಿದಂತೆ ಉಬ್ಬುತಗ್ಗು ಇಳಿಯುತ್ತದೆ ಎಂಬುದು ಲೆಕ್ಕದಲ್ಲೂ ಅಳತೆಯಲ್ಲೂ ಒಂದೇ ರೀತಿ ಕಂಡುಬಂತು. ಆದರೆ ಕೊಳವೆಯಿಂದ ಕತ್ತರಿಸಿದ ಕೆಲವು ತುಂಡುಗಳಲ್ಲಿ ನಿಜವಾದ ವಿರೂಪ ಲೆಕ್ಕಕ್ಕಿಂತ ಸಾಕಷ್ಟು ಹೆಚ್ಚಾಗಿತ್ತು, ಅದರ ಆಕಾರವೂ ಮೂರು ಉಬ್ಬುಗಳದ್ದಾಗಿರಲಿಲ್ಲ. ಕೊಳವೆಯನ್ನು ಎಳೆದು ತಯಾರಿಸುವಾಗ ಲೋಹದೊಳಗೆ ಉಳಿದುಕೊಂಡ ಒತ್ತಡ, ಮೇಲ್ಪದರ ಕತ್ತರಿಸಿದಾಗ ಸಮತೋಲ ತಪ್ಪಿ ಹೊರಬರುತ್ತಿರಬೇಕೆಂಬುದು ನನ್ನ ಊಹೆ. ಅದನ್ನು ಸಾಬೀತುಪಡಿಸಲು ಎಕ್ಸ್-ರೇ ವಿವರ್ತನೆಯಂತಹ ವಿಧಾನದಿಂದ ಉಳಿಕೆ ಒತ್ತಡವನ್ನು ಅಳೆಯಬೇಕು. ಆ ಸೌಲಭ್ಯ ಅಂದು ನನಗೆ ಎಟುಕಲಿಲ್ಲ.

ಎಂ.ಟೆಕ್. ಪ್ರಬಂಧದಲ್ಲಿ ನಾನು ಕೈಗೆತ್ತಿಕೊಳ್ಳಲು ಬಯಸುವುದು ಇದನ್ನೇ. ಹಿಡಿತದಿಂದಾಗುವ ವಿರೂಪವನ್ನೂ ಉಳಿಕೆ ಒತ್ತಡದಿಂದಾಗುವ ವಿರೂಪವನ್ನೂ ಬೇರೆ ಬೇರೆಯಾಗಿ ಗುರುತಿಸಿ, ಯಾವುದಕ್ಕೆ ಫಿಕ್ಸ್ಚರ್ ಬದಲಿಸಬೇಕು, ಯಾವುದಕ್ಕೆ ಸ್ಟ್ರೆಸ್ ರಿಲೀವಿಂಗ್ ಅಥವಾ ಕತ್ತರಿಸುವ ಕ್ರಮದ ಬದಲಾವಣೆ ಬೇಕು ಎಂದು ನಿರ್ಧರಿಸುವ ಒಂದು ವಿಧಾನವನ್ನು ರೂಪಿಸಬೇಕು. ಇದಕ್ಕಾಗಿ ಲೋಹ ಕತ್ತರಿಸುವಿಕೆಯ ಸಿದ್ಧಾಂತ, ಪ್ಲಾಸ್ಟಿಸಿಟಿ ಮತ್ತು ಮಾಪನಶಾಸ್ತ್ರವನ್ನು ಆಳವಾಗಿ ಓದುವುದು ನನಗೆ ಅನಿವಾರ್ಯ.

ಪದವಿಯ ನಂತರ ಮೈಸೂರಿನಲ್ಲಿಯೇ ಪ್ರೋಸೆಸ್ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೇನೆ. ಹೊಸ ಬಿಡಿಭಾಗಗಳ ಕಂಟ್ರೋಲ್ ಪ್ಲಾನ್ ಬರೆಯುವುದು, ಗೇಜ್‌ಗಳ ಆರ್ ಅಂಡ್ ಆರ್ ಅಧ್ಯಯನ, ಪ್ರಕ್ರಿಯೆಯ ಸಿಪಿಕೆ ಲೆಕ್ಕ ನನ್ನ ಹೊಣೆ. ಸಿಪಿಕೆ 1.33 ದಾಟಿತೆಂದರೆ ಪ್ರಕ್ರಿಯೆ ಸರಿಯಿದೆ ಎಂದು ನಮ್ಮಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. ಗೇಜ್ ಅಳೆಯುತ್ತಿರುವುದೇ ಬೇರೆ ಗುಣವಾಗಿದ್ದರೆ ಆ ಸಂಖ್ಯೆ ಎಷ್ಟು ದೊಡ್ಡದಿದ್ದರೂ ನಂಬುವಂತಿಲ್ಲ ಎಂಬುದು ಆ ಉಂಗುರದಿಂದ ನನಗೆ ದೃಢವಾಗಿದೆ. ಇಂದು ಯಾವುದೇ ಡ್ರಾಯಿಂಗ್ ಬಂದರೂ ಟಾಲರೆನ್ಸ್‌ಗಿಂತ ಮೊದಲು ಅದನ್ನು ಅಳೆಯುವ ವಿಧಾನವನ್ನು ಪ್ರಶ್ನಿಸುತ್ತೇನೆ.

ಓದು ಮುಗಿದ ಮೇಲೆ ಈ ಭಾಗದಲ್ಲಿಯೇ ಕೆಲಸ ಮಾಡುವುದು ನನ್ನ ಇಚ್ಛೆ. ಹೆಬ್ಬಾಳ, ಹೂಟಗಳ್ಳಿಯ ಸಣ್ಣ ಘಟಕಗಳಲ್ಲಿ ಒಳ್ಳೆಯ ಸಿ.ಎನ್.ಸಿ. ಯಂತ್ರಗಳೂ ನುರಿತ ಕೈಗಳೂ ಇವೆ. ಫಿಕ್ಸ್ಚರ್ ವಿನ್ಯಾಸವನ್ನು ಲೆಕ್ಕ ಹಾಕಿ ಕೊಡುವವರು, ಆಕಾರದೋಷವನ್ನು ಅಳೆದು ಕಾರಣ ಹೇಳುವವರು ವಿರಳ. ಅಂತಹ ಘಟಕಗಳಿಗೆ ಫಿಕ್ಸ್ಚರ್ ವಿನ್ಯಾಸ ಮತ್ತು ಮಾಪನ ಸೇವೆ ಒದಗಿಸುವ ಸಣ್ಣ ಸಂಸ್ಥೆಯೊಂದನ್ನು ಮುಂದೆ ಕಟ್ಟಬೇಕೆಂದಿದ್ದೇನೆ.

ಡಿಪ್ಲೊಮಾ ಮತ್ತು ಬಿ.ಇ. ಅಂಕಪಟ್ಟಿಗಳು, ಗೇಟ್ ಅಂಕಪತ್ರ, ಸೇವಾ ಪ್ರಮಾಣಪತ್ರಗಳು ಹಾಗೂ ಪ್ರಾಜೆಕ್ಟ್ ವರದಿಯ ಪ್ರತಿಯನ್ನು ಅರ್ಜಿಯೊಂದಿಗೆ ಲಗತ್ತಿಸಿದ್ದೇನೆ. ಆಯ್ಕೆಯಾದಲ್ಲಿ ಉದ್ಯೋಗಕ್ಕೆ ರಾಜೀನಾಮೆ ನೀಡಿ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರುತ್ತೇನೆ. ಸಂದರ್ಶನಕ್ಕೆ ಕರೆದರೆ, ವರದಿಯಲ್ಲಿರುವ ಉಂಗುರಗಳನ್ನೂ ಅವುಗಳ ರೌಂಡ್‌ನೆಸ್ ನಕ್ಷೆಗಳನ್ನೂ ತಮ್ಮ ಪರಿಶೀಲನೆಗೆ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅರ್ಜಿದಾರ