ಫೋನಿನೊಳಗಿನ ಎಐ: ಊರಿನ ಹಿರಿಯರೊಂದಿಗೆ ನಾಲ್ಕು ಮಾತು

ಹಿರಿಯರಿಗೆಲ್ಲ ನಮಸ್ಕಾರ. ಹೊಲದ ಕೆಲಸ ಬಿಟ್ಟು ಅರಿವು ಕೇಂದ್ರಕ್ಕೆ ಬಂದಿದ್ದೀರಿ, ತುಂಬಾ ಸಂತೋಷ. ಬಾಗಿಲ ಹತ್ತಿರ ನಿಂತಿರುವ ಅಮ್ಮಂದಿರು ಒಳಗೆ ಬನ್ನಿ, ಮುಂದೆ ಕುರ್ಚಿ ಖಾಲಿ ಇವೆ.

ಟಿವಿಯಲ್ಲಿ ದಿನಾ ಎಐ, ಎಐ ಅಂತಾರೆ. ಕೃತಕ ಬುದ್ಧಿಮತ್ತೆ ಅಂತ ಪೇಪರಿನಲ್ಲಿ ಬರುವುದೂ ಅದೇ. ಅದೇನು ಅಂತ ಈ ಫೋನಿನಲ್ಲೇ ನೋಡೋಣ. ಈಗ ಮೆಸೇಜಿನಲ್ಲಿ 'ಊಟ' ಅಂತ ಬರೆದೆ. ನೋಡಿ, 'ಆಯ್ತಾ' ಅನ್ನುವ ಮಾತನ್ನು ಫೋನೇ ತೋರಿಸುತ್ತಿದೆ. ಯಾರು ಉಂಡರು, ಯಾರು ಹಸಿದಿದ್ದಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಊಟ ಅಂದ ಮೇಲೆ ಜನ ಜಾಸ್ತಿ ಸಲ ಏನು ಬರೆಯುತ್ತಾರೋ ಅದನ್ನು ಲೆಕ್ಕ ಹಾಕಿ ಹೇಳುತ್ತದೆ, ಅಷ್ಟೇ.

2022ರ ಕೊನೆಗೆ ಬಂದ ಚಾಟ್‌ಜಿಪಿಟಿಯಂಥ ಎಐಗಳು ಇದೇ ಕೆಲಸವನ್ನು ಬಹಳ ದೊಡ್ಡದಾಗಿ ಮಾಡುತ್ತವೆ. ಜನ ಬರೆದಿಟ್ಟ ರಾಶಿ ರಾಶಿ ಬರಹವನ್ನು ಅವಕ್ಕೆ ಉಣಿಸಿದ್ದಾರೆ. ಅದರ ಆಧಾರದ ಮೇಲೆ ಪತ್ರ ಬರೆಯುತ್ತವೆ, ಇಂಗ್ಲಿಷ್ ನೋಟಿಸನ್ನು ಕನ್ನಡದಲ್ಲಿ ತಿಳಿಸುತ್ತವೆ. ಇದು ನಮಗೆ ನಿಜವಾಗಿಯೂ ಉಪಯೋಗ. ಓದು ಬರದವರು ಬಾಯಲ್ಲೇ ಕೇಳಬಹುದು.

ಆದರೆ ಅದು ದೇವರಲ್ಲ, ಜ್ಯೋತಿಷಿಯಲ್ಲ, ಒಳಗೆ ಮನುಷ್ಯನೂ ಕೂತಿಲ್ಲ. ಊಹೆ ತಪ್ಪಿದರೂ ಅದೇ ಧೈರ್ಯದಲ್ಲಿ ಮಾತಾಡುತ್ತದೆ. ಇಂಗ್ಲಿಷ್ ಬರಹ ಕಲಿತಷ್ಟು ಕನ್ನಡದ್ದು ಕಲಿತಿಲ್ಲ, ಹಾಗಾಗಿ ಕನ್ನಡದಲ್ಲಿ ತಪ್ಪು ಜಾಸ್ತಿ. ಟೊಮೆಟೊ ಎಲೆಯ ಫೋಟೋ ತೋರಿಸಿದರೆ ರೋಗದ ಹೆಸರು ಹೇಳಬಹುದು, ಎಷ್ಟು ಎಂಎಲ್ ಔಷಧಿ ಹೊಡೆಯಬೇಕು ಅಂತಲೂ ಹೇಳಬಹುದು. ಅಳತೆ ತಪ್ಪಿ ಬೆಳೆ ಸುಟ್ಟರೆ ನಷ್ಟ ಯಾರಿಗೆ? ನಮಗೆ ತಾನೆ? ಔಷಧಿ ಹೊಡೆಯುವ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಇಲ್ಲವೇ ಕಿಸಾನ್ ಕಾಲ್ ಸೆಂಟರ್‌ಗೆ, 1800-180-1551ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ಮೈಗೆ ಹುಷಾರಿಲ್ಲದಾಗಲೂ ಅಷ್ಟೇ. ಬಿಪಿ, ಶುಗರ್ ಮಾತ್ರೆಯನ್ನು ಫೋನಿನ ಮಾತು ಕೇಳಿ ಬಿಡಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ.

ನನಗೆ ಹೆಚ್ಚು ಭಯ ಇರುವುದು ಇನ್ನೊಂದು ವಿಷಯಕ್ಕೆ. ಸ್ವಲ್ಪ ಹೊತ್ತಿನ ರೆಕಾರ್ಡಿಂಗ್ ಸಿಕ್ಕರೆ ಸಾಕು, ಯಾರ ದನಿಯನ್ನಾದರೂ ಎಐ ನಕಲು ಮಾಡುತ್ತದೆ. 'ಅಜ್ಜಿ, ಆಕ್ಸಿಡೆಂಟ್ ಆಗಿದೆ, ಬೇಗ ದುಡ್ಡು ಹಾಕಿಸು, ಅಪ್ಪನಿಗೆ ಹೇಳಬೇಡ' ಅಂತ ಬೆಂಗಳೂರಿನ ಮೊಮ್ಮಗನ ದನಿಯಲ್ಲೇ ಅಳುತ್ತಾ ಫೋನ್ ಬರಬಹುದು. ಕರುಳು ಚುರ್ ಅನ್ನುತ್ತದೆ, ಅಲ್ವಾ? ಆದರೂ ಫೋನ್ ಇಡಿ. ನಿಮ್ಮ ಹತ್ತಿರ ಮೊದಲಿನಿಂದ ಇರುವ ನಂಬರಿಗೆ ನೀವೇ ತಿರುಗಿ ಮಾಡಿ. ಸಿಗದಿದ್ದರೆ ಮಗನಿಗೋ ಸೊಸೆಗೋ ಮಾಡಿ. ದುಡ್ಡು ಹೋಗೇಬಿಟ್ಟರೆ ನಾಚಿಕೊಂಡು ಸುಮ್ನೆ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಈ ಎರಡೂ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಮೇಜಿನ ಮೇಲಿದೆ. ಮನೆಗೊಂದು ತಗೊಳ್ಳಿ. ಈಗ ನಿಮಗೇನು ಕೇಳಬೇಕೋ ಕೇಳಿ.