ಮ್ಯಾನ್ಯುಯಲ್ ಟೆಸ್ಟರ್ ಇಂಟರ್‌ವ್ಯೂ: ಫ್ರೆಶರ್‌ಗೆ ಕೇಳುವ ಪ್ರಶ್ನೆ, ಕೊಡಬಹುದಾದ ಉತ್ತರ

ದಾವಣಗೆರೆಯಲ್ಲಿ ಬಿಎಸ್ಸಿ ಮುಗಿಸಿ, ಬೆಂಗಳೂರಿನಲ್ಲಿ ಮೂರು ತಿಂಗಳು ಟೆಸ್ಟಿಂಗ್ ಕೋರ್ಸ್ ಮಾಡಿದ ಹುಡುಗಿಯೊಬ್ಬಳು ಬಸ್ ಟಿಕೆಟ್ ಆ್ಯಪ್ ಮಾಡುವ ಕಂಪನಿಯ ಇಂಟರ್‌ವ್ಯೂಗೆ ಹೊರಟಿದ್ದಾಳೆ ಅಂದುಕೊಂಡು ಬರೆದದ್ದು. ಕೇಳುವುದು ಬಹುಪಾಲು ಇಂಗ್ಲಿಷಿನಲ್ಲೇ. ಆದರೆ ವಿಷಯ ಕನ್ನಡದಲ್ಲಿ ತಲೆಗೆ ಹತ್ತಿದ್ದರೆ ಇಂಗ್ಲಿಷ್ ತಡವರಿಸಿದರೂ ಉತ್ತರ ನಿಲ್ಲುತ್ತದೆ.

ನಿಮ್ಮ ಬಗ್ಗೆ ಹೇಳಿ.

"ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಮಾಡಿದ್ದೇನೆ ಸರ್. ಕೋರ್ಸ್‌ನಲ್ಲಿ ಒಂದು ಬುಕಿಂಗ್ ಸೈಟಿಗೆ 64 ಟೆಸ್ಟ್ ಕೇಸ್ ಬರೆದೆ, 11 ಬಗ್ ಹಾಕಿದೆ. ಅದರಲ್ಲಿ ಎರಡು ಡೂಪ್ಲಿಕೇಟ್ ಅಂತ ವಾಪಸ್ ಬಂದವು. ಆಮೇಲಿಂದ ಮೊದಲು ಹಳೆ ಬಗ್‌ಗಳನ್ನು ಹುಡುಕಿ ನೋಡಿಯೇ ಹೊಸದು ಹಾಕುತ್ತೇನೆ."

ಅಪ್ಪನ ಕೆಲಸ, ಹವ್ಯಾಸ ಇಲ್ಲಿ ಬೇಡ. ಎಡವಿದ್ದನ್ನೂ ಹೇಳಿದರೆ ಆ ಅಂಕಿಗಳನ್ನು ನಂಬುತ್ತಾರೆ.

ಸಿವಿಯಾರಿಟಿ, ಪ್ರಯಾರಿಟಿ: ಏನು ವ್ಯತ್ಯಾಸ?

"ಬಗ್‌ನಿಂದ ಸಿಸ್ಟಮ್‌ಗೆ ಎಷ್ಟು ಪೆಟ್ಟು ಅನ್ನುವುದು ಸಿವಿಯಾರಿಟಿ. ಎಷ್ಟು ಬೇಗ ಸರಿಮಾಡಬೇಕು ಅನ್ನುವುದು ಪ್ರಯಾರಿಟಿ. ದಸರಾ ಆಫರ್ ಬ್ಯಾನರಿನಲ್ಲಿ 'ಮೈಸೂರು' ತಪ್ಪಾಗಿ ಅಚ್ಚಾದರೆ ಬುಕಿಂಗ್ ನಿಲ್ಲುವುದಿಲ್ಲ, ಆದರೆ ಇವತ್ತೇ ಸರಿಯಾಗಬೇಕು. ಯಾರೂ ಬಳಸದ ಹಳೇ ಆಂಡ್ರಾಯ್ಡ್‌ನಲ್ಲಿ ಆ್ಯಪ್ ಕ್ರ್ಯಾಶ್ ಆದರೆ ಪೆಟ್ಟು ದೊಡ್ಡದು, ಅವಸರ ಇಲ್ಲ."

ಒಂದು ಬುಕಿಂಗ್‌ಗೆ 1ರಿಂದ 6 ಸೀಟು. ಯಾವ ಸಂಖ್ಯೆಗಳನ್ನು ಹಾಕಿ ನೋಡುತ್ತೀರಿ?

"0, 1, 2, 5, 6, 7. ತಪ್ಪು ಹೆಚ್ಚಾಗಿ ಅಂಚಿನಲ್ಲೇ ಇರುತ್ತದೆ, ಅದಕ್ಕೇ ಬೌಂಡರಿ ವ್ಯಾಲ್ಯೂ ಅನಾಲಿಸಿಸ್. ಖಾಲಿ ಬಿಡುವುದು, ಮೈನಸ್ ಸಂಖ್ಯೆ, ಅಕ್ಷರ ಇವನ್ನೂ ಹಾಕುತ್ತೇನೆ."

ರೀಟೆಸ್ಟಿಂಗ್, ರಿಗ್ರೆಶನ್ ಎರಡೂ ಒಂದೇ ಅಲ್ಲವೇ?

"ಅಲ್ಲ. ಸರಿಮಾಡಿದ್ದೇವೆ ಅಂದ ಬಗ್ಗನ್ನೇ ಮತ್ತೆ ನೋಡುವುದು ರೀಟೆಸ್ಟಿಂಗ್. ಅದನ್ನು ಸರಿಮಾಡಲು ಹೋಗಿ ಬೇರೆ ಏನಾದರೂ ಕೆಟ್ಟಿದೆಯಾ ಅಂತ ನೋಡುವುದು ರಿಗ್ರೆಶನ್."

ನಮ್ಮ ಆ್ಯಪ್‌ನ ಊರು ಹುಡುಕುವ ಬಾಕ್ಸ್ ಹೇಗೆ ಟೆಸ್ಟ್ ಮಾಡುತ್ತೀರಿ?

ಇಂಟರ್‌ವ್ಯೂ ಗೆಲ್ಲುವುದು ಇಲ್ಲಿ. ಉಳಿದದ್ದನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ.

"ಮೊದಲು ಒಂದು ಪ್ರಶ್ನೆ ಕೇಳಬಹುದಾ ಸರ್? ಕನ್ನಡ ಲಿಪಿಯಲ್ಲಿ ಟೈಪ್ ಮಾಡಿದರೂ ಹುಡುಕಬೇಕಾ? ಬೇಕು ಅಂದರೆ `ಶಿವಮೊಗ್ಗ`, `Shivamogga`, `Shimoga` ಮೂರಕ್ಕೂ ಒಂದೇ ಊರು ಬರಬೇಕು. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ಜನ ಹಳೆಯದನ್ನೂ ಬರೆಯುತ್ತಾರೆ. `Vijayapura` ಅಂದರೆ ಬಿಜಾಪುರವೂ ಹೌದು, ದೇವನಹಳ್ಳಿ ಹತ್ತಿರದ ಊರೂ ಹೌದು; ಜಿಲ್ಲೆ ತೋರಿಸದಿದ್ದರೆ ಪ್ರಯಾಣಿಕ ತಪ್ಪು ಬಸ್ ಹತ್ತುತ್ತಾನೆ. ಹೊರಡುವ ಊರು, ತಲುಪುವ ಊರು ಎರಡೂ ಒಂದೇ ಕೊಟ್ಟು ನೋಡುತ್ತೇನೆ. ಹಿಂದೆ ಮುಂದೆ ಸ್ಪೇಸ್, ಹುಡುಕುವಾಗಲೇ ನೆಟ್ ಹೋಗುವುದು, ಇಲ್ಲದ ಊರು ಹಾಕಿದಾಗ ಬರುವ ಮೆಸೇಜ್, ಇವೂ ಸೇರುತ್ತವೆ."

ನೀವು ಹಾಕಿದ ಒಂದು ಬಗ್ ರಿಪೋರ್ಟ್ ಹೇಳಿ.

"ಶೀರ್ಷಿಕೆ: ಲಾಸ್ಟ್ ನೇಮ್‌ನಲ್ಲಿ ಒಂದೇ ಅಕ್ಷರ ಕೊಟ್ಟರೆ ಪ್ರಯಾಣಿಕರ ಫಾರಂ ಮುಂದೆ ಹೋಗುವುದಿಲ್ಲ. ಹೆಜ್ಜೆಗಳು: ಸೀಟು ಆರಿಸಿ, ಫಸ್ಟ್ ನೇಮ್ `Ravi`, ಲಾಸ್ಟ್ ನೇಮ್ `S`, ಮುಂದುವರಿಸಿ ಒತ್ತಿ. ಆಗಬೇಕಾದ್ದು: ಪಾವತಿ ಪುಟ. ಆದದ್ದು: 'ಕನಿಷ್ಠ 2 ಅಕ್ಷರ' ಎಂಬ ಎರರ್. ಜೊತೆಗೆ ಬ್ರೌಸರ್, ಬಿಲ್ಡ್ ನಂಬರ್, ಸ್ಕ್ರೀನ್‌ಶಾಟ್."

ಇನಿಶಿಯಲ್ ಇರುವವರ ಕಷ್ಟ ನಮ್ಮವರಿಗೆ ಗೊತ್ತೇ ಇದೆ, ವಿವರಿಸಬೇಕಿಲ್ಲ.

ಡೆವಲಪರ್ 'ಇದು ಬಗ್ಗೇ ಅಲ್ಲ, ನನ್ನ ಸಿಸ್ಟಮ್‌ನಲ್ಲಿ ಚೆನ್ನಾಗೇ ಇದೆ' ಅಂದರೆ?

"ವಾದಕ್ಕೆ ಇಳಿಯುವುದಿಲ್ಲ. ಅವರ ಪಕ್ಕ ಕೂತು ಅದೇ ಬಿಲ್ಡ್, ಅದೇ ಡೇಟಾದಲ್ಲಿ ಮಾಡಿ ತೋರಿಸುತ್ತೇನೆ. ರಿಕ್ವೈರ್‌ಮೆಂಟ್‌ನಲ್ಲಿ ಏನಿದೆ ನೋಡುತ್ತೇವೆ. ಅಲ್ಲೂ ಸ್ಪಷ್ಟ ಇಲ್ಲದಿದ್ದರೆ ಲೀಡ್ ಅಥವಾ ಬಿಸಿನೆಸ್ ಅನಾಲಿಸ್ಟ್ ಹತ್ತಿರ ಕೇಳುತ್ತೇವೆ. ನನ್ನದೇ ತಪ್ಪಾದರೆ ಕಾಮೆಂಟ್ ಬರೆದು ನಾನೇ ಕ್ಲೋಸ್ ಮಾಡುತ್ತೇನೆ."

ಎಸ್‌ಕ್ಯೂಎಲ್ ಬರುತ್ತದಾ? ಒಂದೇ ಸೀಟು ಇಬ್ಬರಿಗೆ ಹೋಗಿದೆಯಾ ಅಂತ ಹುಡುಕಿ.

```sql
SELECT seat_no, COUNT(*)
FROM bookings
WHERE trip_id = 412 AND status = 'CONFIRMED'
GROUP BY seat_no
HAVING COUNT(*) > 1;
```

"ಒಂದೂ ಸಾಲು ಬರದಿದ್ದರೆ ಆ ಟ್ರಿಪ್‌ನಲ್ಲಿ ಡಬಲ್ ಬುಕಿಂಗ್ ಆಗಿಲ್ಲ. ಸ್ಟೇಟಸ್ ಹಾಕದೇ ಹೋದರೆ ಕ್ಯಾನ್ಸಲ್ ಆಗಿ ಮತ್ತೆ ಮಾರಿದ ಸೀಟೂ ಲೆಕ್ಕಕ್ಕೆ ಬರುತ್ತದೆ."

ಆಟೊಮೇಶನ್ ಕಲಿತಿಲ್ಲವಲ್ಲ?

"ಇನ್ನೂ ಇಲ್ಲ ಸರ್. ಸೆಲೆನಿಯಂ ಶುರುಮಾಡಿ ಎರಡು ವಾರ ಆಯಿತು, ಲಾಗಿನ್ ಪುಟದವರೆಗೆ ಬಂದಿದ್ದೇನೆ."

ಇದಕ್ಕಿಂತ ಒಂದು ಮಾತೂ ಹೆಚ್ಚಿಗೆ ಬೇಡ. ಗೊತ್ತಿದೆ ಅಂದರೆ ಮುಂದಿನ ಪ್ರಶ್ನೆ ಎಕ್ಸ್‌ಪಾತ್ ಬರೆಯಿರಿ ಅಂತಲೇ ಬರುತ್ತದೆ.

ನಮಗೇನಾದರೂ ಕೇಳುವುದಿದೆಯಾ?

"ರಿಲೀಸ್ ಹಿಂದಿನ ದಿನ ದೊಡ್ಡ ಬಗ್ ಸಿಕ್ಕರೆ ನಿಮ್ಮಲ್ಲಿ ಯಾರು ತೀರ್ಮಾನ ಮಾಡುತ್ತಾರೆ, ಮೇಡಂ?"